ಸೊನ್ನೆಗೆ ಹತ್ತಿರದ ಸಂಖ್ಯೆಗಳಿಗೆ ಎರಡು ಪರೀಕ್ಷೆ

ಹನ್ನೆರಡು ಗಂಟೆಯ ಗಡಿಯಾರದಲ್ಲಿ ಮುಳ್ಳು ಆರಾರು ಗಂಟೆಯ ಹೆಜ್ಜೆ ಹಾಕುತ್ತಾ ಆರು ಸಲ ಮುಂದೆ ಹೋದರೆ 36 ಗಂಟೆ ಕಳೆದಿರುತ್ತದೆ, ಮುಳ್ಳು ಮಾತ್ರ ಹೊರಟ ಜಾಗದಲ್ಲೇ ಇರುತ್ತದೆ. ಗಡಿಯಾರದ ಲೆಕ್ಕದಲ್ಲಿ 12 ಎಂದರೆ ಸೊನ್ನೆ. ಹಾಗಾಗಿ 6 × 6 = 0. ಸೊನ್ನೆಯಲ್ಲದ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಸೊನ್ನೆ ಬಂದುಬಿಟ್ಟಿತು. ಶಾಲೆಯಲ್ಲಿ ಕಲಿತ ಪೂರ್ಣಾಂಕಗಳಲ್ಲಿ ಹೀಗೆ ಆಗುವುದೇ ಇಲ್ಲ.

6ರಂಥ ಸಂಖ್ಯೆ ಸೊನ್ನೆಯಲ್ಲ, ಆದರೆ ಸೊನ್ನೆಗೆ ಬಹಳ ಹತ್ತಿರದ್ದು ಎಂದು ಯಾರಿಗಾದರೂ ಅನಿಸುತ್ತದೆ. ಈ ಅನಿಸಿಕೆಯನ್ನು ಖಚಿತವಾದ ಮಾತಿನಲ್ಲಿ ಹೇಳಲು ಬೀಜಗಣಿತಜ್ಞರು ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಇಟ್ಟುಕೊಂಡಿದ್ದಾರೆ. ಮೊದಲನೆಯದರಲ್ಲಿ ತೇರ್ಗಡೆಯಾದ ಸಂಖ್ಯೆಗಳ ಗುಂಪಿಗೆ ನಿಲ್‌ರ್ಯಾಡಿಕಲ್ ಎಂದು ಹೆಸರು, ಎರಡನೆಯದರಲ್ಲಿ ತೇರ್ಗಡೆಯಾದವುಗಳ ಗುಂಪಿಗೆ ಜೇಕಬ್ಸನ್ ರ್ಯಾಡಿಕಲ್ ಎಂದು ಹೆಸರು. ಕೆಲವು ಕಡೆ ಎರಡು ಗುಂಪುಗಳೂ ಒಂದೇ. ಕೆಲವು ಕಡೆ ಎರಡಕ್ಕೂ ದೊಡ್ಡ ಅಂತರ. ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರಾಗುತ್ತವೆ, ಏಕೆ ಬೇರಾಗುತ್ತವೆ ಎಂಬುದನ್ನು ಪುಟ್ಟ ಉದಾಹರಣೆಗಳಲ್ಲೇ ಪೂರ್ತಿಯಾಗಿ ನೋಡಬಹುದು. ಅದಕ್ಕೆ ಬೇಕಾದದ್ದು ಪ್ರೌಢಶಾಲೆಯ ಗಣಿತ ಮತ್ತು ಒಂದಿಷ್ಟು ತಾಳ್ಮೆ.

ಹನ್ನೆರಡು ಸಂಖ್ಯೆಗಳ ಲೋಕ

ಕೂಡುವುದು, ಕಳೆಯುವುದು, ಗುಣಿಸುವುದು ಈ ಮೂರೂ ಸಲೀಸಾಗಿ ನಡೆಯುವ ಸಂಖ್ಯೆಗಳ ವ್ಯವಸ್ಥೆಗೆ ರಿಂಗ್ ಎನ್ನುತ್ತಾರೆ. ಇಲ್ಲಿ ಬರುವ ರಿಂಗ್‌ಗಳಲ್ಲೆಲ್ಲ 1 ಇರುತ್ತದೆ, ಮತ್ತು a × b ಹಾಗೂ b × a ಎರಡೂ ಒಂದೇ. ಭಾಗಾಕಾರಕ್ಕೆ ಮಾತ್ರ ಖಾತರಿ ಇಲ್ಲ. 0ಯಿಂದ 11ರವರೆಗಿನ ಹನ್ನೆರಡು ಸಂಖ್ಯೆಗಳನ್ನು ತೆಗೆದುಕೊಂಡು, ಉತ್ತರ 12ನ್ನು ಮುಟ್ಟಿದಾಗಲೆಲ್ಲ 12ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಂಡರೆ ಒಂದು ರಿಂಗ್ ಸಿಗುತ್ತದೆ. ಅದನ್ನು Z/12 ಎಂದು ಬರೆಯುವುದು ರೂಢಿ.

ಈ ರಿಂಗಿನಲ್ಲಿ 5 × 5 = 25, ಅಂದರೆ 1. ಹಾಗೆಯೇ 7 × 7 = 49 ಎಂದರೂ 1, 11 × 11 = 121 ಎಂದರೂ 1. ಯಾವುದಾದರೊಂದು ಸಂಖ್ಯೆಯಿಂದ ಗುಣಿಸಿದಾಗ 1 ಕೊಡುವ ಇಂಥವುಗಳಿಗೆ ಯೂನಿಟ್ ಎಂದು ಹೆಸರು. Z/12ರಲ್ಲಿ ಯೂನಿಟ್‌ಗಳು ನಾಲ್ಕೇ: 1, 5, 7, 11. ಉಳಿದವಕ್ಕೆ ವಿಲೋಮ ಇಲ್ಲ.

ಈಗ ಮೊದಲ ಪರೀಕ್ಷೆ. ಒಂದು ಸಂಖ್ಯೆಯನ್ನು ತನ್ನಿಂದಲೇ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಎಂದಾದರೂ ಸೊನ್ನೆ ಬರುತ್ತದೆಯೇ? ಬಂದರೆ ಅದು ನಿಲ್‌ಪೊಟೆಂಟ್. ಹಾರ್ವರ್ಡ್‌ನ ಬೆಂಜಮಿನ್ ಪಿಯರ್ಸ್ 1870ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. 2ನ್ನು ಪರೀಕ್ಷಿಸಿದರೆ 2, 4, 8 ಆದಮೇಲೆ 16 ಬರಬೇಕು, ಅದು ಮತ್ತೆ 4. ಅಲ್ಲಿಂದ ಮುಂದೆ 8, 4, 8, 4 ಎಂದು ಸುತ್ತುತ್ತಲೇ ಇರುತ್ತದೆ, ಸೊನ್ನೆ ಸಿಗುವುದಿಲ್ಲ. 3ರದೂ ಅದೇ ಕಥೆ: 3, 9, 3, 9. 4ರ ವರ್ಗ 16, ಅಂದರೆ 4 ಅಲ್ಲಾಡುವುದೇ ಇಲ್ಲ. 9ರ ವರ್ಗ 81, ಅದು 9. 8 ಮತ್ತು 10 ಕೂಡ ಸೊನ್ನೆಗೆ ಇಳಿಯುವುದಿಲ್ಲ. ಯೂನಿಟ್‌ಗಳಂತೂ ಸೊನ್ನೆಯಾಗುವ ಪ್ರಶ್ನೆಯೇ ಇಲ್ಲ. ಕೊನೆಗೆ ಉಳಿಯುವುದು 0 ಮತ್ತು 6. ಇವೆರಡೇ Z/12ರ ನಿಲ್‌ರ್ಯಾಡಿಕಲ್.

ಎರಡನೆಯ ಪರೀಕ್ಷೆಯ ಧಾಟಿ ಬೇರೆ. ಇಲ್ಲಿ ಸಂಖ್ಯೆಯನ್ನು ಒಂಟಿಯಾಗಿ ನೋಡುವುದಿಲ್ಲ, 1ರ ಪಕ್ಕದಲ್ಲಿಟ್ಟು ನೋಡುತ್ತಾರೆ. 1ರಿಂದ ಸೊನ್ನೆಯನ್ನು ಕಳೆದರೆ 1ಕ್ಕೆ ಏನೂ ಆಗುವುದಿಲ್ಲ. ಸೊನ್ನೆಗೆ ಹತ್ತಿರದ x ಎಂಬ ಸಂಖ್ಯೆಯನ್ನು ಕಳೆದರೆ 1 ಬದಲಾಗಬಹುದು, ಆದರೆ ಯೂನಿಟ್ ಆಗಿಯಾದರೂ ಉಳಿಯಬೇಕು. x ಅನ್ನು ಮೊದಲು ರಿಂಗಿನ ಯಾವುದೇ y ಇಂದ ಗುಣಿಸಿ ಆಮೇಲೆ ಕಳೆದರೂ ಹಾಗೆಯೇ ಆಗಬೇಕು. ಅಂದರೆ, ಪ್ರತಿಯೊಂದು y ಗೂ 1 − xy ಯೂನಿಟ್ ಆಗಿದ್ದರೆ ಮಾತ್ರ x ತೇರ್ಗಡೆ.

"ಪ್ರತಿಯೊಂದು y ಗೂ" ಎಂಬ ಮಾತಿನಲ್ಲೇ ವಿದ್ಯಾರ್ಥಿಗಳು ಎಡವುವುದು. ಒಂದೇ ಒಂದು y ಹಾಕಿ ನೋಡಿ ಮುಗಿಸಿಬಿಟ್ಟರೆ ತಪ್ಪು ಉತ್ತರ ಬರುತ್ತದೆ. Z/12ರಲ್ಲಿ x = 2 ಎಂದಿಟ್ಟುಕೊಂಡು y = 1 ಹಾಕಿದರೆ 1 − 2 = −1, ಅಂದರೆ 11. ಅದು ಯೂನಿಟ್. 2 ಗೆದ್ದಂತೆ ಕಾಣುತ್ತದೆ. ಆದರೆ y = 2 ಹಾಕಿದರೆ 1 − 4 = −3, ಅಂದರೆ 9. ಅದಕ್ಕೆ ವಿಲೋಮ ಇಲ್ಲ. 2 ಅಲ್ಲಿಗೆ ಅನುತ್ತೀರ್ಣ. 3ಕ್ಕೆ y = 3 ಸಾಕು: 1 − 9 = −8, ಅಂದರೆ 4, ಯೂನಿಟ್ ಅಲ್ಲ. 6ಕ್ಕೆ ಮಾತ್ರ ಯಾವ y ಹಾಕಿದರೂ ತೊಂದರೆ ಇಲ್ಲ. 6ರ ಮಗ್ಗಿಯಲ್ಲಿ ಇಲ್ಲಿ ಬರುವ ಉತ್ತರಗಳು 0 ಮತ್ತು 6 ಎರಡೇ, ಆದ್ದರಿಂದ 1 − 6y ಎಂದರೆ 1 ಇಲ್ಲವೇ 7. ಎರಡೂ ಯೂನಿಟ್‌ಗಳೇ. ಉಳಿದವನ್ನೂ ಹೀಗೆಯೇ ಜರಡಿ ಹಿಡಿದರೆ Z/12ರ ಜೇಕಬ್ಸನ್ ರ್ಯಾಡಿಕಲ್‌ನಲ್ಲೂ ಉಳಿಯುವುದು 0 ಮತ್ತು 6.

ಎರಡು ಪರೀಕ್ಷೆಗಳಿಗೂ ಒಂದೇ ಉತ್ತರ. Z/8ರಲ್ಲಿ ಮಾಡಿದರೂ ಎರಡೂ ಕಡೆ 0, 2, 4, 6 ಬರುತ್ತವೆ. Z/30ರಲ್ಲಿ ಎರಡೂ ಕಡೆ ಬರೀ ಸೊನ್ನೆ. Z/72ರಲ್ಲಿ ಎರಡೂ ಕಡೆ 6ರ ಅಪವರ್ತ್ಯಗಳು: ಅಲ್ಲಿ 6ರ ವರ್ಗ 36 ಇನ್ನೂ ಸೊನ್ನೆಯಲ್ಲ, ಆದರೆ ಘನ 216 ಎಂದರೆ 72ರ ಮೂರು ಪಟ್ಟು, ಅಲ್ಲಿಗೆ ಸೊನ್ನೆ. Z/n ಎಂಬ ಯಾವ ರಿಂಗಿಗೂ ಸೂತ್ರ ಒಂದೇ. n ನ ಅವಿಭಾಜ್ಯ ಅಪವರ್ತನಗಳನ್ನು ತಲಾ ಒಂದು ಸಲ ಮಾತ್ರ ತೆಗೆದುಕೊಂಡು ಗುಣಿಸಿದರೆ ಬರುವ ಸಂಖ್ಯೆಯ ಅಪವರ್ತ್ಯಗಳೇ ಎರಡೂ ರ್ಯಾಡಿಕಲ್‌ಗಳು. 72 = 2 × 2 × 2 × 3 × 3 ಆದ್ದರಿಂದ ಅಲ್ಲಿ 2 × 3 = 6.

ಕಾಕತಾಳೀಯವಲ್ಲ

ಇಷ್ಟು ಉದಾಹರಣೆಗಳಲ್ಲಿ ಎರಡೂ ಒಂದೇ ಆಗಿದ್ದಕ್ಕೆ ಕಾರಣವಿದೆ, ಆ ಕಾರಣ ಎರಡು ಭಾಗಗಳಲ್ಲಿದೆ.

ಮೊದಲ ಭಾಗ ಎಲ್ಲ ರಿಂಗ್‌ಗಳಿಗೂ ಸಲ್ಲುತ್ತದೆ: ಮೊದಲ ಪರೀಕ್ಷೆ ಗೆದ್ದ ಸಂಖ್ಯೆ ಎರಡನೆಯದನ್ನೂ ಗೆದ್ದೇ ಗೆಲ್ಲುತ್ತದೆ. t ಎಂಬುದರ ಮೂರನೆಯ ಘಾತ ಸೊನ್ನೆ ಎಂದುಕೊಂಡರೆ (1 − t)(1 + t + t²) = 1 − t³ = 1. ಅಂದರೆ 1 − t ಗೆ ವಿಲೋಮ ಕೈಯಲ್ಲೇ ಇದೆ. ಎಷ್ಟನೆಯ ಘಾತ ಸೊನ್ನೆಯಾದರೂ ಸರಿ, ಗುಣೋತ್ತರ ಶ್ರೇಢಿಯನ್ನು ಅಲ್ಲಿಯವರೆಗೆ ಎಳೆದರೆ ಆಯಿತು. x ನ ಘಾತ ಸೊನ್ನೆಯಾದರೆ xy ಯ ಅದೇ ಘಾತವೂ ಸೊನ್ನೆಯಾಗುತ್ತದೆ, ಹಾಗಾಗಿ t ಜಾಗದಲ್ಲಿ xy ಹಾಕಲು ಅಡ್ಡಿಯಿಲ್ಲ. Z/8ರಲ್ಲಿ ಇದನ್ನು ಕಣ್ಣಾರೆ ನೋಡಬಹುದು. 1 − 2 ಎಂದರೆ 7. ಶ್ರೇಢಿ 1 + 2 + 4 ಎಂದರೂ 7. 7 × 7 = 49, ಅದು 8ರ ಲೆಕ್ಕದಲ್ಲಿ 1. ಹೀಗೆ ನಿಲ್‌ರ್ಯಾಡಿಕಲ್ ಯಾವತ್ತೂ ಜೇಕಬ್ಸನ್ ರ್ಯಾಡಿಕಲ್‌ನ ಒಳಗೇ ಇರುತ್ತದೆ.

ಎರಡನೆಯ ಭಾಗಕ್ಕೆ ರಿಂಗಿನಲ್ಲಿ ಸಂಖ್ಯೆಗಳು ಎಣಿಕೆಗೆ ಸಿಗುವಷ್ಟೇ ಇರಬೇಕು. ಅಂಥ ರಿಂಗಿನಲ್ಲಿ x, x², x³ ಎಂದು ಹೋಗುತ್ತಾ ಇದ್ದರೆ ಎಲ್ಲೋ ಒಂದು ಕಡೆ ಹಿಂದೆ ಬಂದ ಸಂಖ್ಯೆಯೇ ಮತ್ತೆ ಬರಬೇಕು, ಬೇರೆ ದಾರಿಯಿಲ್ಲ. m ನೆಯ ಘಾತವೂ m + k ನೆಯ ಘಾತವೂ ಒಂದೇ ಎಂದಾದರೆ ಒಂದರಿಂದ ಇನ್ನೊಂದನ್ನು ಕಳೆದು xᵐ(1 − xᵏ) = 0 ಎಂದು ಬರೆಯಬಹುದು. ಈಗ x ಎರಡನೆಯ ಪರೀಕ್ಷೆ ಗೆದ್ದಿದ್ದರೆ ಆವರಣದೊಳಗಿನ 1 − xᵏ ಯೂನಿಟ್. ಅದರ ವಿಲೋಮದಿಂದ ಗುಣಿಸಿದರೆ ಎಡಗಡೆ ಉಳಿಯುವುದು xᵐ, ಬಲಗಡೆ ಸೊನ್ನೆ. ಅಂದರೆ xᵐ = 0. x ನಿಲ್‌ಪೊಟೆಂಟ್ ಎಂದು ಸಾಬೀತಾಯಿತು.

ಹೀಗಾಗಿ ಸೀಮಿತ ರಿಂಗಿನೊಳಗೆ ಎಷ್ಟು ಹುಡುಕಿದರೂ ಎರಡು ರ್ಯಾಡಿಕಲ್‌ಗಳ ನಡುವೆ ವ್ಯತ್ಯಾಸ ಸಿಗುವುದಿಲ್ಲ. Z/n ಗಳನ್ನಷ್ಟೇ ಅಭ್ಯಾಸ ಮಾಡಿದವರಿಗೆ ಒಂದೇ ಗುಂಪಿಗೆ ಎರಡು ಹೆಸರು ಏಕೆ ಎಂಬ ಅನುಮಾನ ಬರುವುದು ಸಹಜ. ಉತ್ತರಕ್ಕೆ ಅನಂತ ರಿಂಗ್‌ಗಳ ಕಡೆ ಹೋಗಬೇಕು. ಬಹಳ ದೂರವೇನಲ್ಲ, ಭಿನ್ನರಾಶಿಗಳೇ ಸಾಕು.

ಬೆಸ ಛೇದದ ಭಿನ್ನರಾಶಿಗಳು

ಛೇದದಲ್ಲಿ ಬೆಸ ಸಂಖ್ಯೆ ಇರುವ ಭಿನ್ನರಾಶಿಗಳನ್ನು ಮಾತ್ರ ಆರಿಸಿಕೊಳ್ಳಿ: 2/3, 5/7, 4/9, −6/11. ಪೂರ್ಣಾಂಕಗಳೂ ಇದರಲ್ಲಿ ಸೇರಿವೆ, ಅವುಗಳ ಛೇದ 1. 1/2 ಮತ್ತು 3/4 ಸೇರುವುದಿಲ್ಲ. ಬೆಸ ಸಂಖ್ಯೆಯನ್ನು ಬೆಸ ಸಂಖ್ಯೆಯಿಂದ ಗುಣಿಸಿದರೆ ಬೆಸವೇ ಬರುವುದರಿಂದ, ಇಂಥ ಎರಡು ಭಿನ್ನರಾಶಿಗಳನ್ನು ಕೂಡಿಸಿದರೂ ಕಳೆದರೂ ಗುಣಿಸಿದರೂ ಛೇದ ಬೆಸವಾಗಿಯೇ ಇರುತ್ತದೆ. ಇದೊಂದು ರಿಂಗ್. ಇದರಲ್ಲಿ ಯೂನಿಟ್ ಯಾವುದು ಎಂದು ಹೇಳುವುದೂ ಸುಲಭ. 5/7ನ್ನು ತಲೆಕೆಳಗು ಮಾಡಿದರೆ 7/5, ಅದೂ ಇಲ್ಲೇ ಇದೆ. 2/3ನ್ನು ತಲೆಕೆಳಗು ಮಾಡಿದರೆ 3/2, ಅದು ಇಲ್ಲಿಲ್ಲ. ಅಂಶವೂ ಬೆಸವಾಗಿದ್ದರೆ ಯೂನಿಟ್, ಸಮವಾಗಿದ್ದರೆ ಅಲ್ಲ.

ಇಲ್ಲಿ 2ನ್ನು ಎರಡೂ ಪರೀಕ್ಷೆಗಳಿಗೆ ಒಡ್ಡೋಣ. 2, 4, 8, 16 ಎಂದು ಘಾತಗಳು ಬೆಳೆಯುತ್ತಲೇ ಹೋಗುತ್ತವೆ, ಸೊನ್ನೆಯಾಗುವುದಿಲ್ಲ. ಮೊದಲ ಪರೀಕ್ಷೆಯಲ್ಲಿ 2 ಸೋತಿತು. ಇಲ್ಲಿರುವುದೆಲ್ಲ ಸಾಮಾನ್ಯ ಭಿನ್ನರಾಶಿಗಳೇ ಆದ್ದರಿಂದ ಸೊನ್ನೆ ಬಿಟ್ಟು ಮತ್ತಾವುದೂ ಆ ಪರೀಕ್ಷೆ ಗೆಲ್ಲದು. ನಿಲ್‌ರ್ಯಾಡಿಕಲ್‌ನಲ್ಲಿ ಇರುವುದು ಸೊನ್ನೆಯೊಂದೇ.

ಎರಡನೆಯ ಪರೀಕ್ಷೆಗೆ y = a/b ಎಂದಿಟ್ಟುಕೊಳ್ಳೋಣ, b ಬೆಸ. ಆಗ 1 − 2y = (b − 2a)/b. ಬೆಸ ಸಂಖ್ಯೆಯಿಂದ ಸಮ ಸಂಖ್ಯೆ ಕಳೆದರೆ ಉಳಿಯುವುದು ಬೆಸ. ಮೇಲೂ ಬೆಸ, ಕೆಳಗೂ ಬೆಸ, ಅಂದಮೇಲೆ ಯೂನಿಟ್. a, b ಏನೇ ಇರಲಿ, ಫಲಿತಾಂಶ ಇದೇ. 2 ಪೂರ್ತಿ ಅಂಕ ಗಳಿಸಿತು. 2/3, 4/9, 100 ಹೀಗೆ ಸಮ ಅಂಶವುಳ್ಳ ಎಲ್ಲ ಭಿನ್ನರಾಶಿಗಳಿಗೂ ಈ ವಾದ ಹೊಂದುತ್ತದೆ. ಬೆಸ ಅಂಶದ್ದು ಯಾವುದೂ ಗೆಲ್ಲುವುದಿಲ್ಲ, ಏಕೆಂದರೆ ಅದರ ವಿಲೋಮವನ್ನೇ y ಎಂದು ಹಾಕಿದರೆ 1 − 1 = 0 ಬಂದುಬಿಡುತ್ತದೆ.

ಹೀಗೆ ಜೇಕಬ್ಸನ್ ರ್ಯಾಡಿಕಲ್‌ನಲ್ಲಿ ಸಮ ಅಂಶದ ಅನಂತ ಭಿನ್ನರಾಶಿಗಳು, ನಿಲ್‌ರ್ಯಾಡಿಕಲ್‌ನಲ್ಲಿ ಸೊನ್ನೆ ಮಾತ್ರ. ಸೀಮಿತ ರಿಂಗಿನಲ್ಲಿ ಕೆಲಸ ಮಾಡಿದ ವಾದ ಇಲ್ಲಿ ಎಲ್ಲಿ ಮುರಿಯಿತು ಎಂಬುದೂ ಸ್ಪಷ್ಟ: 2ರ ಘಾತಗಳಲ್ಲಿ ಒಂದೂ ಮರುಕಳಿಸುವುದಿಲ್ಲ.

ಕಾವಲು ಎಷ್ಟು ಉಳಿದಿದೆ

ಈ ಅಂತರದ ಹಿಂದಿನ ಕಾರಣ ತಿಳಿಯಲು ಐಡಿಯಲ್ ಎಂಬ ಕಲ್ಪನೆ ಬೇಕು. ಪೂರ್ಣಾಂಕಗಳಲ್ಲಿ ಸಮ ಸಂಖ್ಯೆಗಳ ಗುಂಪನ್ನು ನೆನೆಸಿಕೊಳ್ಳಿ. ಅದರ ಇಬ್ಬರು ಸದಸ್ಯರನ್ನು ಕೂಡಿಸಿದರೂ ಕಳೆದರೂ ಉತ್ತರ ಅಲ್ಲೇ, ಹೊರಗಿನ ಯಾವ ಸಂಖ್ಯೆಯಿಂದ ಗುಣಿಸಿದರೂ ಅಲ್ಲೇ. ಇಂಥ ಗುಂಪು ಐಡಿಯಲ್. ಇಡೀ ರಿಂಗನ್ನು ಬಿಟ್ಟರೆ ಇನ್ನು ಹಿಗ್ಗಿಸಲು ಬಾರದಷ್ಟು ದೊಡ್ಡದಾದ ಐಡಿಯಲ್‌ಗೆ ಗರಿಷ್ಠ ಐಡಿಯಲ್ ಎನ್ನುತ್ತಾರೆ. ಎರಡು ಸಂಖ್ಯೆಗಳ ಗುಣಲಬ್ಧ ಒಳಗೆ ಬಂದರೆ ಅವೆರಡರಲ್ಲಿ ಒಂದಾದರೂ ಒಳಗೆ ಇದ್ದೇ ಇರಬೇಕು ಎಂಬ ನಿಯಮ ಪಾಲಿಸುವ, ಇಡೀ ರಿಂಗ್ ಅಲ್ಲದ ಐಡಿಯಲ್ ಅವಿಭಾಜ್ಯ ಐಡಿಯಲ್. ಗರಿಷ್ಠವಾದದ್ದೆಲ್ಲ ಅವಿಭಾಜ್ಯವೂ ಹೌದು, ಆದರೆ ಅವಿಭಾಜ್ಯವಾದದ್ದೆಲ್ಲ ಗರಿಷ್ಠವಲ್ಲ.

ಎರಡು ಪರೀಕ್ಷೆಗಳನ್ನೂ ಈ ಭಾಷೆಯಲ್ಲಿ ಹೇಳಬಹುದು. ಎಲ್ಲ ಅವಿಭಾಜ್ಯ ಐಡಿಯಲ್‌ಗಳಲ್ಲೂ ಇರುವ ಸಂಖ್ಯೆಗಳು ನಿಲ್‌ರ್ಯಾಡಿಕಲ್, ಎಲ್ಲ ಗರಿಷ್ಠ ಐಡಿಯಲ್‌ಗಳಲ್ಲೂ ಇರುವ ಸಂಖ್ಯೆಗಳು ಜೇಕಬ್ಸನ್ ರ್ಯಾಡಿಕಲ್. ಎರಡನೆಯ ಮಾತು ನಿಜವೆಂದು ಕಾಣಲು ಕಷ್ಟವಿಲ್ಲ. ಯೂನಿಟ್ ಅಲ್ಲದ ಪ್ರತಿ ಸಂಖ್ಯೆಯೂ ಯಾವುದಾದರೊಂದು ಗರಿಷ್ಠ ಐಡಿಯಲ್ ಒಳಗೆ ಬೀಳುತ್ತದೆ ಎಂಬುದು ರಿಂಗ್‌ಗಳ ಮೂಲ ಸಂಗತಿಗಳಲ್ಲೊಂದು. x ಎಲ್ಲ ಗರಿಷ್ಠ ಐಡಿಯಲ್‌ಗಳಲ್ಲೂ ಇದ್ದರೆ 1 − xy ಯಾವುದರ ಒಳಗೂ ಇರಲಾರದು. ಇದ್ದರೆ xy ಜೊತೆ ಕೂಡಿ 1 ಕೂಡ ಒಳಗೆ ಬಂದು, ಆ ಐಡಿಯಲ್ ಇಡೀ ರಿಂಗೇ ಆಗಿಬಿಡುತ್ತದೆ. ಆದ್ದರಿಂದ 1 − xy ಯೂನಿಟ್.

ಬೆಸ ಛೇದದ ರಿಂಗಿನಲ್ಲಿ ಅವಿಭಾಜ್ಯ ಐಡಿಯಲ್‌ಗಳು ಎರಡೇ ಎರಡು: ಸೊನ್ನೆಯೊಂದೇ ಇರುವ ಐಡಿಯಲ್ ಮತ್ತು 2ರ ಅಪವರ್ತ್ಯಗಳ ಐಡಿಯಲ್. ಗರಿಷ್ಠವಾದದ್ದು ಎರಡನೆಯದು ಮಾತ್ರ. ಎರಡಕ್ಕೂ ಸಾಮಾನ್ಯವಾದದ್ದು ಸೊನ್ನೆ, ಗರಿಷ್ಠವಾದ ಒಂದನ್ನೇ ನೋಡಿದರೆ ಸಿಗುವುದು 2ರ ಅಪವರ್ತ್ಯಗಳೆಲ್ಲ. ಅಂತರ ಹುಟ್ಟಿದ್ದು ಇಲ್ಲಿಂದ.

ಆದರೆ ಪೂರ್ಣಾಂಕಗಳ ರಿಂಗಿನಲ್ಲೂ ಸೊನ್ನೆಯ ಐಡಿಯಲ್ ಅವಿಭಾಜ್ಯವಾಗಿದ್ದು ಗರಿಷ್ಠವಲ್ಲ. ಅಲ್ಲಿ ಅಂತರ ಏಕಿಲ್ಲ? ಪೂರ್ಣಾಂಕಗಳ ಗರಿಷ್ಠ ಐಡಿಯಲ್‌ಗಳೆಂದರೆ 2ರ ಅಪವರ್ತ್ಯಗಳು, 3ರ ಅಪವರ್ತ್ಯಗಳು, 5ರ ಅಪವರ್ತ್ಯಗಳು, ಹೀಗೆ ಅವಿಭಾಜ್ಯ ಸಂಖ್ಯೆಗೊಂದು. ಅವೆಲ್ಲವುಗಳಲ್ಲೂ ಇರುವ ಸಂಖ್ಯೆ ಎಂದರೆ ಎಲ್ಲ ಅವಿಭಾಜ್ಯಗಳಿಂದಲೂ ಭಾಗವಾಗುವ ಸಂಖ್ಯೆ. ಅವಿಭಾಜ್ಯಗಳು ಅನಂತ, ಆದ್ದರಿಂದ ಅಂಥದ್ದು ಸೊನ್ನೆಯೊಂದೇ. ನೇರ ಪರೀಕ್ಷೆಯೂ ಇದನ್ನೇ ಹೇಳುತ್ತದೆ. ಪೂರ್ಣಾಂಕಗಳಲ್ಲಿ ಯೂನಿಟ್‌ಗಳು 1 ಮತ್ತು −1. x ಗೆ y = 3 ಹಾಕಿದರೆ 1 − 3x ಇವೆರಡರಲ್ಲಿ ಒಂದಾಗಬೇಕು, ಅಂದರೆ 3x ಸೊನ್ನೆ ಇಲ್ಲವೇ 2 ಆಗಬೇಕು. ಪೂರ್ಣಾಂಕ x ಗೆ ಉಳಿಯುವ ದಾರಿ ಸೊನ್ನೆ ಮಾತ್ರ.

ಬೆಸ ಛೇದಗಳಿಗೆ ಅವಕಾಶ ಕೊಟ್ಟಾಗ ಆದದ್ದು ಇಷ್ಟು: 3, 5, 7 ಮೊದಲಾದವಕ್ಕೆಲ್ಲ ವಿಲೋಮ ಬಂತು, ಅವುಗಳ ಗರಿಷ್ಠ ಐಡಿಯಲ್‌ಗಳೆಲ್ಲ ಅಳಿಸಿಹೋದವು, 2ರದ್ದೊಂದೇ ಕಾವಲಿಗೆ ನಿಂತಿತು. ಅದನ್ನು ದಾಟಿದವರೆಲ್ಲ ಜೇಕಬ್ಸನ್ ರ್ಯಾಡಿಕಲ್ ಸೇರಿದರು.

ಕಾವಲನ್ನು ಸ್ವಲ್ಪ ಹೆಚ್ಚಿಸಿ ನೋಡಬಹುದು. ಛೇದ 2ರಿಂದಲೂ 3ರಿಂದಲೂ ಭಾಗವಾಗಬಾರದು ಎಂದು ನಿಯಮ ಮಾಡಿದರೆ 1/5, 4/7, 6/35 ಒಳಗೆ ಬರುತ್ತವೆ, 1/3 ಬರುವುದಿಲ್ಲ. ಈಗ 2 ಗೆಲ್ಲುವುದಿಲ್ಲ: y = 2 ಹಾಕಿದರೆ 1 − 4 = −3, ಇದಕ್ಕೆ ಇಲ್ಲಿ ವಿಲೋಮ ಇಲ್ಲ. 6 ಗೆಲ್ಲುತ್ತದೆ: 1 − 6a/b = (b − 6a)/b, ಇಲ್ಲಿ b ಯನ್ನು 2 ಆಗಲಿ 3 ಆಗಲಿ ಭಾಗಿಸದು, ಹಾಗಾಗಿ b − 6a ಯನ್ನೂ ಭಾಗಿಸದು. ಜೇಕಬ್ಸನ್ ರ್ಯಾಡಿಕಲ್ 6ರ ಅಪವರ್ತ್ಯಗಳಿಗೆ ಕುಗ್ಗಿತು. 5ನ್ನೂ ಉಳಿಸಿಕೊಂಡರೆ 30ರ ಅಪವರ್ತ್ಯಗಳು, 7ನ್ನೂ ಉಳಿಸಿಕೊಂಡರೆ 210ರ ಅಪವರ್ತ್ಯಗಳು. ಎಣಿಕೆಗೆ ಸಿಗುವಷ್ಟು ಅವಿಭಾಜ್ಯಗಳನ್ನು ಉಳಿಸಿಕೊಂಡಷ್ಟು ಹೊತ್ತೂ ಗುಂಪು ಕುಗ್ಗುತ್ತದೆಯೇ ಹೊರತು ಸೊನ್ನೆಗೆ ಇಳಿಯುವುದಿಲ್ಲ. ಅನಂತ ಅವಿಭಾಜ್ಯಗಳು ಉಳಿದ ಕೂಡಲೇ ಇಳಿದುಬಿಡುತ್ತದೆ. 2ಕ್ಕೆ ಮಾತ್ರ ವಿಲೋಮ ಕೊಟ್ಟು, ಛೇದದಲ್ಲಿ 2, 4, 8, 16 ಮುಂತಾದವನ್ನಷ್ಟೇ ಬಿಟ್ಟುಕೊಂಡರೆ 3, 5, 7, 11 ಎಂದು ಅನಂತ ಕಾವಲು ಹಾಗೆಯೇ ಇರುತ್ತದೆ. ಅಲ್ಲಿ ಎರಡು ರ್ಯಾಡಿಕಲ್‌ಗಳೂ ಸೊನ್ನೆ.

ಎರಡು ಹೆಸರುಗಳ ಹಿಂದಿನ ಜನ

ನಿಲ್‌ಪೊಟೆಂಟ್‌ಗಳೆಂದರೆ ಎಲ್ಲ ಅವಿಭಾಜ್ಯ ಐಡಿಯಲ್‌ಗಳಿಗೂ ಸಾಮಾನ್ಯವಾದ ಸಂಖ್ಯೆಗಳು ಎಂಬ ಫಲಿತಾಂಶ ಜರ್ಮನಿಯ ವೋಲ್ಫ್‌ಗಾಂಗ್ ಕ್ರುಲ್ ಅವರದ್ದು, 1929ರದ್ದು. ಅದರ ಒಂದು ದಿಕ್ಕು ಸುಲಭ: xⁿ = 0 ಆದರೆ ಸೊನ್ನೆ ಎಲ್ಲ ಐಡಿಯಲ್‌ಗಳಲ್ಲೂ ಇರುವುದರಿಂದ, ಅವಿಭಾಜ್ಯತೆಯ ನಿಯಮದಂತೆ x ಕೂಡ ಪ್ರತಿ ಅವಿಭಾಜ್ಯ ಐಡಿಯಲ್ ಒಳಗೆ ಬರಲೇಬೇಕು. ತಿರುಗಿ ಸಾಧಿಸುವುದಕ್ಕೆ ಹೆಚ್ಚು ಸಲಕರಣೆ ಬೇಕು.

ನೇಥನ್ ಜೇಕಬ್ಸನ್ 1910ರಲ್ಲಿ ವಾರ್ಸಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಟುಂಬದೊಂದಿಗೆ ಅಮೆರಿಕಕ್ಕೆ ಹೋದವರು. ಪ್ರಿನ್ಸ್‌ಟನ್‌ನಲ್ಲಿ ವೆಡರ್‌ಬರ್ನ್ ಅವರ ಕೈಕೆಳಗೆ 1934ರಲ್ಲಿ ಡಾಕ್ಟರೇಟ್ ಪಡೆದರು. ಆ ಕಾಲಕ್ಕೆ ರ್ಯಾಡಿಕಲ್ ಎಂದರೆ ನಿಲ್‌ಪೊಟೆಂಟ್‌ಗಳ ಸುತ್ತ ಕಟ್ಟಿದ ಕಲ್ಪನೆಯೇ ಆಗಿತ್ತು. ಕೆಲವು ಬಗೆಯ ಸೀಮಿತ ಗಾತ್ರದ ವ್ಯವಸ್ಥೆಗಳಲ್ಲಿ ಅದು ಚೆನ್ನಾಗಿ ನಡೆಯುತ್ತಿತ್ತು, ಯಾವ ಮಿತಿಯೂ ಇಲ್ಲದ ರಿಂಗ್‌ಗಳಲ್ಲಿ ಸಾಲುತ್ತಿರಲಿಲ್ಲ. 1ರ ಪಕ್ಕದಲ್ಲಿಟ್ಟು ವಿಲೋಮ ಹುಡುಕುವ ಬಗೆಯನ್ನು ಸ್ಯಾಮ್ ಪರ್ಲಿಸ್ 1942ರಲ್ಲಿ ಬಳಸಿದ್ದರು. ಅದನ್ನು ಎಲ್ಲ ರಿಂಗ್‌ಗಳಿಗೂ ಹಿಡಿಯುವಂತೆ ಜೇಕಬ್ಸನ್ 1945ರ ಪ್ರಬಂಧದಲ್ಲಿ ಬೆಳೆಸಿದರು. ಗುಣಾಕಾರದ ಕ್ರಮ ಬದಲಾದರೆ ಉತ್ತರವೂ ಬದಲಾಗುವ ರಿಂಗ್‌ಗಳೂ ಅವರ ಲೆಕ್ಕದಲ್ಲಿದ್ದವು. ಇಲ್ಲಿನ ಪುಟ್ಟ ಉದಾಹರಣೆಗಳು ಆ ದೊಡ್ಡ ಚಿತ್ರದ ಒಂದು ಮೂಲೆ.

ಕೊನೆಯಿರುವ ಸಾಲು, ಕೊನೆಯಿಲ್ಲದ ಸಾಲು

ಭಿನ್ನರಾಶಿಗಳಲ್ಲಿ ಕಂಡ ಅಂತರವನ್ನು ಬಹುಪದೋಕ್ತಿಗಳಲ್ಲಿ ಇನ್ನೂ ನಿಚ್ಚಳವಾಗಿ ಕಾಣಬಹುದು. ಸಹಗುಣಕಗಳೆಲ್ಲ ಭಾಗಲಬ್ಧ ಸಂಖ್ಯೆಗಳಾಗಿರುವ, x ನ ಬಹುಪದೋಕ್ತಿಗಳ ರಿಂಗನ್ನು ತೆಗೆದುಕೊಳ್ಳೋಣ. 3 + 2x − x² ಇದರ ಸದಸ್ಯ. ಇದು ಅನಂತ ರಿಂಗ್. ಇಲ್ಲಿ ಯೂನಿಟ್‌ಗಳೆಂದರೆ ಸೊನ್ನೆಯಲ್ಲದ ಸ್ಥಿರಾಂಕಗಳಷ್ಟೇ, ಏಕೆಂದರೆ ಎರಡು ಬಹುಪದೋಕ್ತಿಗಳನ್ನು ಗುಣಿಸಿದಾಗ ಅವುಗಳ ಮಹತ್ತಮ ಘಾತಗಳು ಕೂಡುತ್ತವೆ, ಕಡಿಮೆಯಾಗುವುದಿಲ್ಲ. ಸೊನ್ನೆಯಲ್ಲದ f ಯಾವುದೇ ಇರಲಿ, y ಜಾಗದಲ್ಲಿ x ಹಾಕಿದರೆ 1 − xf ನಲ್ಲಿ x ನ ಘಾತ ಒಂದಾದರೂ ಉಳಿಯುತ್ತದೆ, ಅದು ಯೂನಿಟ್ ಅಲ್ಲ. ಹಾಗಾಗಿ ಜೇಕಬ್ಸನ್ ರ್ಯಾಡಿಕಲ್ ಸೊನ್ನೆ, ನಿಲ್‌ರ್ಯಾಡಿಕಲ್ ಕೂಡ ಸೊನ್ನೆ. ಎರಡೂ ಒಂದೇ.

ಈಗ ಸಾಲು ಎಲ್ಲೋ ಒಂದು ಕಡೆ ನಿಲ್ಲಲೇಬೇಕೆಂಬ ನಿಯಮವನ್ನು ಕೈಬಿಡೋಣ. 1 + x + x² + x³ + … ಎಂದು ಕೊನೆಯಿಲ್ಲದೆ ಸಾಗುವ ಸಾಲುಗಳಿಗೂ ಪ್ರವೇಶ ಕೊಟ್ಟರೆ ಅದು ಘಾತ ಶ್ರೇಣಿಗಳ ರಿಂಗ್. ಇಲ್ಲಿ x ಗೆ ಯಾವ ಬೆಲೆಯನ್ನೂ ಕೊಡುವುದಿಲ್ಲ, ಆದ್ದರಿಂದ ಮೊತ್ತ ಒಂದು ಸಂಖ್ಯೆಗೆ ಸಮೀಪಿಸುತ್ತದೆಯೇ ಎಂಬ ಪ್ರಶ್ನೆಯೂ ಏಳುವುದಿಲ್ಲ. ಬರೀ ಸಹಗುಣಕಗಳ ಲೆಕ್ಕ. (1 − x)(1 + x + x² + …) ಗುಣಿಸಿ ನೋಡಿದರೆ ಮೊದಲ 1 ಉಳಿದು ಮಿಕ್ಕ ಪದಗಳೆಲ್ಲ ಜೋಡಿಜೋಡಿಯಾಗಿ ಹೊಡೆದುಹೋಗುತ್ತವೆ, ಉತ್ತರ 1. ಬಹುಪದೋಕ್ತಿಗಳಲ್ಲಿ ವಿಲೋಮವಿಲ್ಲದೆ ನಿಂತಿದ್ದ 1 − x ಗೆ ಇಲ್ಲಿ ವಿಲೋಮ ಸಿಕ್ಕಿತು. ಇದೇ ಬಗೆಯಲ್ಲಿ, ಸ್ಥಿರಾಂಕ ಪದ ಸೊನ್ನೆಯಲ್ಲದ ಪ್ರತಿಯೊಂದು ಶ್ರೇಣಿಗೂ ವಿಲೋಮ ಸಿಗುತ್ತದೆ. x ಅನ್ನು ಏನಿಂದ ಗುಣಿಸಿ 1ರಿಂದ ಕಳೆದರೂ ಸ್ಥಿರಾಂಕ ಪದ 1 ಆಗಿಯೇ ಇರುವುದರಿಂದ x ಎರಡನೆಯ ಪರೀಕ್ಷೆ ಗೆಲ್ಲುತ್ತದೆ. ಆದರೆ x, x², x³ ಯಾವುದೂ ಸೊನ್ನೆಯಲ್ಲ, ಮೊದಲನೆಯದರಲ್ಲಿ ಸೋಲುತ್ತದೆ.

ನಿಲ್‌ಪೊಟೆಂಟ್‌ಗೆ ವಿಲೋಮ ಕೊಟ್ಟ ಅದೇ ಗುಣೋತ್ತರ ಶ್ರೇಢಿ ಇಲ್ಲಿಯೂ ಕೆಲಸ ಮಾಡಿದೆ. ಅಲ್ಲಿ ಘಾತ ಸೊನ್ನೆಯಾದ್ದರಿಂದ ಶ್ರೇಢಿ ತಾನಾಗಿ ನಿಂತಿತ್ತು. ಇಲ್ಲಿ ಅದು ನಿಲ್ಲುವುದೇ ಇಲ್ಲ, ಆದರೂ ರಿಂಗ್ ಅದನ್ನು ತನ್ನ ಸದಸ್ಯನೆಂದು ಒಪ್ಪಿಕೊಳ್ಳುತ್ತದೆ.

ಎರಡು ರ್ಯಾಡಿಕಲ್‌ಗಳೂ ಸೊನ್ನೆಗಿಂತ ದೊಡ್ಡದಾಗಿರುವ ರಿಂಗನ್ನು ನೋಡಬೇಕಿದ್ದರೆ ಸಹಗುಣಕಗಳನ್ನು Z/4ರಿಂದ ಆರಿಸಬಹುದು. ಅಲ್ಲಿ ಇರುವುದು 0, 1, 2, 3 ಮಾತ್ರ, ಮತ್ತು 2 × 2 = 0. ಈ ಸಹಗುಣಕಗಳ ಬಹುಪದೋಕ್ತಿಗಳಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಯೂನಿಟ್ ಎಂದರೆ ಸ್ಥಿರಾಂಕವೇ ಎಂದು ಹಿಂದಿನ ಉದಾಹರಣೆಯ ಅಭ್ಯಾಸದಲ್ಲಿ ಬರೆದವರು ತಪ್ಪುತ್ತಾರೆ: (1 + 2x)² = 1 + 4x + 4x² = 1. ಸ್ಥಿರಾಂಕವಲ್ಲದ 1 + 2x ಇಲ್ಲಿ ಯೂನಿಟ್. ಎಲ್ಲ ಸಹಗುಣಕಗಳೂ 0 ಇಲ್ಲವೇ 2 ಆಗಿರುವ ಬಹುಪದೋಕ್ತಿಯ ವರ್ಗ ಸೊನ್ನೆ, ಅವುಗಳೇ ನಿಲ್‌ರ್ಯಾಡಿಕಲ್. ಒಂದು ಸಹಗುಣಕವಾದರೂ 1 ಅಥವಾ 3 ಆಗಿದ್ದರೆ ಆ f ಎರಡನೆಯ ಪರೀಕ್ಷೆಯಲ್ಲೂ ಸೋಲುತ್ತದೆ. ಅದನ್ನು ಪತ್ತೆ ಮಾಡಲು 2ನ್ನೂ ಸೊನ್ನೆ ಎಂದು ಪರಿಗಣಿಸಿ 0, 1 ಮಾತ್ರ ಇರುವ ಲೆಕ್ಕಕ್ಕೆ ಇಳಿಯಬೇಕು. ಅಲ್ಲಿ 1 − xf ಸ್ಥಿರಾಂಕವಾಗದೆ ಉಳಿಯುತ್ತದೆ, ಆ ಲೆಕ್ಕದಲ್ಲಿ ಯೂನಿಟ್ ಎಂದರೆ 1 ಒಂದೇ. ಹೀಗೆ ಇಲ್ಲೂ ಎರಡು ರ್ಯಾಡಿಕಲ್‌ಗಳು ಸರಿಸಮ. ಸಹಗುಣಕಗಳನ್ನು ಯಾವ ರಿಂಗಿನಿಂದ ತಂದರೂ ಬಹುಪದೋಕ್ತಿಗಳಲ್ಲಿ ಈ ಸಮಾನತೆ ತಪ್ಪುವುದಿಲ್ಲ ಎಂದು ಅರ್ನ್‌ಸ್ಟ್ ಸ್ನ್ಯಾಪರ್ 1950ರಲ್ಲಿ ತೋರಿಸಿದರು.

ಅದೇ Z/4ರ ಸಹಗುಣಕಗಳನ್ನಿಟ್ಟುಕೊಂಡು ಘಾತ ಶ್ರೇಣಿಗಳಿಗೆ ಹೋದರೆ ಚಿತ್ರ ಬದಲಾಗುತ್ತದೆ. ನಿಲ್‌ರ್ಯಾಡಿಕಲ್‌ನಲ್ಲಿ ಬರುವುದು ಎಲ್ಲ ಸಹಗುಣಕಗಳೂ 0 ಇಲ್ಲವೇ 2 ಆಗಿರುವ ಶ್ರೇಣಿಗಳು ಮಾತ್ರ, ಉದಾಹರಣೆಗೆ 2 + 2x + 2x² + …. ಜೇಕಬ್ಸನ್ ರ್ಯಾಡಿಕಲ್‌ಗೆ ಸ್ಥಿರಾಂಕ ಪದವೊಂದು 0 ಇಲ್ಲವೇ 2 ಆದರೆ ಸಾಕು, ಮುಂದಿನ ಪದಗಳು ಏನಾದರೂ ಇರಲಿ. 2 + x + 3x² ಎರಡನೆಯದರಲ್ಲಿದೆ, ಮೊದಲನೆಯದರಲ್ಲಿ ಇಲ್ಲ. ಈ ರಿಂಗಿನಲ್ಲಿ ನಿಲ್‌ರ್ಯಾಡಿಕಲ್‌ನ ಸದಸ್ಯರನ್ನೆಲ್ಲ ಸೊನ್ನೆಗೆ ಸಮ ಮಾಡಿಬಿಟ್ಟರೆ 0 ಮತ್ತು 1ನ್ನು ಸಹಗುಣಕಗಳಾಗಿ ಉಳ್ಳ ಘಾತ ಶ್ರೇಣಿಗಳು ಉಳಿಯುತ್ತವೆ, ಅವು ಇನ್ನೂ ಅನಂತ. ಜೇಕಬ್ಸನ್ ರ್ಯಾಡಿಕಲ್‌ನ ಸದಸ್ಯರನ್ನೆಲ್ಲ ಸೊನ್ನೆಗೆ ಸಮ ಮಾಡಿದರೆ ಉಳಿಯುವುದು 0 ಮತ್ತು 1, ಎರಡೇ ಸಂಖ್ಯೆಗಳು.